ಯಾರ ಪೋಸ್ಟು, ಯಾರ ಪೇಜಿಗೆ?

2011ರ ಮಾರ್ಚ್ 9ರಂದು ಅಮೆರಿಕದ ಕಾರು ಕಂಪನಿ ಕ್ರೈಸ್ಲರ್‌ನ ಟ್ವಿಟರ್ ಖಾತೆಯಲ್ಲಿ ಒಂದು ಬೈಗುಳ ಕಾಣಿಸಿಕೊಂಡಿತು. ಡೆಟ್ರಾಯಿಟನ್ನು ಮೋಟಾರು ನಗರ ಎಂದು ಕರೆಯುತ್ತಾರೆ, ಇಲ್ಲಿ ನೋಡಿದರೆ ಒಬ್ಬರಿಗೂ ಗಾಡಿ ಓಡಿಸಲು ಬರುವುದಿಲ್ಲ ಎಂಬುದು ಅದರ ಸಾರ. ಹಿಂದಿನ ತಿಂಗಳಷ್ಟೇ ಅದೇ ಕಂಪನಿ ಡೆಟ್ರಾಯಿಟಿನ ಹೆಮ್ಮೆಯನ್ನೇ ಮುಂದಿಟ್ಟುಕೊಂಡು ದೊಡ್ಡ ಜಾಹೀರಾತು ಮಾಡಿತ್ತು. ಬರೆದವರು ಕ್ರೈಸ್ಲರ್ ನೌಕರರಲ್ಲ, ಅದರ ಖಾತೆ ನೋಡಿಕೊಳ್ಳುತ್ತಿದ್ದ ಏಜೆನ್ಸಿಯ ಒಬ್ಬ ಉದ್ಯೋಗಿ. ತಮ್ಮ ಸ್ವಂತ ಖಾತೆಯಲ್ಲಿ ಬರೆಯುತ್ತಿದ್ದೇನೆ ಅಂದುಕೊಂಡು ಕ್ಲೈಂಟ್ ಖಾತೆಯಲ್ಲಿ ಬರೆದುಬಿಟ್ಟಿದ್ದರು. ಅವರ ಕೆಲಸ ಹೋಯಿತು. ಏಜೆನ್ಸಿಯ ಗುತ್ತಿಗೆಯನ್ನು ಕ್ರೈಸ್ಲರ್ ನವೀಕರಿಸಲಿಲ್ಲ.

ಆ ಉದ್ಯೋಗಿ ಜಾಗರೂಕರಾಗಿರಬೇಕಿತ್ತು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಸರಿಯಾದ ಪಾಠ ಅನ್ನಿಸುವುದಿಲ್ಲ. ಮೂವತ್ತು ನಲವತ್ತು ಕ್ಲೈಂಟ್‌ಗಳ ಪೇಜ್ ನೋಡಿಕೊಳ್ಳುವ ಏಜೆನ್ಸಿಯಲ್ಲಿ ಐದಾರು ಜನ ದಿನವಿಡೀ ಒಂದು ಪೇಜಿನಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತಾರೆ. ಒಂದಲ್ಲ ಒಂದು ದಿನ ಯಾರದೋ ಕಣ್ಣು ತಪ್ಪಿಯೇ ತಪ್ಪುತ್ತದೆ. ಆಗ ತಪ್ಪು ಪೇಜಿಗೆ ಪೋಸ್ಟ್ ಹೋಗಲು ದಾರಿಯೇ ಇರಬಾರದು. ಕ್ಲೈಂಟ್‌ಗಳನ್ನು ಬೇರೆಬೇರೆಯಾಗಿ ಇಡುವ ಕೆಲಸವನ್ನು ಜನರ ಗಮನಕ್ಕೆ ಬಿಡದೆ ವ್ಯವಸ್ಥೆಗೇ ವಹಿಸಬೇಕು.

ಯುಗಾದಿಯ ಮುಂಜಾನೆಯನ್ನು ತೆಗೆದುಕೊಳ್ಳಿ. ರೇಷ್ಮೆ ಸೀರೆ ಅಂಗಡಿ, ಕಣ್ಣಿನ ಆಸ್ಪತ್ರೆ, ಆಭರಣ ಮಳಿಗೆ, ಹೋಟೆಲ್, ಎಲ್ಲರಿಗೂ ಎಂಟು ಗಂಟೆಗೆ ಶುಭಾಶಯ ಹೋಗಬೇಕು. ಎಲ್ಲ ಚಿತ್ರಗಳಲ್ಲೂ ಬೇವು, ಬೆಲ್ಲ, ಮಾವಿನ ತೋರಣ. ವ್ಯತ್ಯಾಸ ಇರುವುದು ಮೂಲೆಯ ಲೋಗೋದಲ್ಲಿ ಮಾತ್ರ. ಎಲ್ಲವೂ ಒಂದೇ ಫೋಲ್ಡರಿನಲ್ಲಿದ್ದು, ಪೋಸ್ಟ್ ಹಾಕುವ ಪರದೆಯಲ್ಲಿ ಅಷ್ಟೂ ಪೇಜುಗಳ ಹೆಸರು ಟಿಕ್ ಮಾಡಲು ಸಾಲಾಗಿ ಬಂದರೆ, ಸೀರೆ ಅಂಗಡಿಯ ಶುಭಾಶಯ ಆಸ್ಪತ್ರೆಯ ಪೇಜಿನಲ್ಲಿ ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಪ್ರತಿ ಕ್ಲೈಂಟ್‌ಗೂ ಅದರದೇ ವರ್ಕ್‌ಸ್ಪೇಸ್ ಇರಬೇಕು. ಅದರೊಳಗೆ ಹೋದವರಿಗೆ ಆ ಕ್ಲೈಂಟಿನ ಚಿತ್ರಗಳು, ಆ ಕ್ಲೈಂಟಿನ ಪೇಜುಗಳು, ಆ ಕ್ಲೈಂಟಿನ ಕ್ಯೂ ಬಿಟ್ಟು ಬೇರೇನೂ ಕಾಣಬಾರದು. ಬರೆದವರು ಡ್ರಾಫ್ಟ್ ಇಡುತ್ತಾರೆ, ಇನ್ನೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಅದು ಕ್ಯೂಗೆ ಸೇರುತ್ತದೆ. ಒಪ್ಪಿದ ನಂತರ ಯಾರಾದರೂ ಒಂದು ಅಕ್ಷರ ತಿದ್ದಿದರೂ ಅದು ಮತ್ತೆ ಡ್ರಾಫ್ಟ್ ಆಗಬೇಕು. ಅನೇಕ ಕಡೆ ಈ ಕೊನೆಯ ಅಂಶವನ್ನೇ ಬಿಟ್ಟಿರುತ್ತಾರೆ. ಬೆಲೆ ತಪ್ಪಾಗಿ ಹೋದ ಪೋಸ್ಟುಗಳ ಬೆನ್ನು ಹತ್ತಿದರೆ ಬಹಳ ಸಲ ಸಿಗುವುದು ಇದೇ ಕಾರಣ.

ಕ್ಯೂ ಪ್ರತ್ಯೇಕವಾಗಿರುವುದು ಎಷ್ಟು ಅಗತ್ಯ ಎಂಬುದು 2021ರ ಅಕ್ಟೋಬರ್ 29ನ್ನು ನೆನೆದರೆ ತಿಳಿಯುತ್ತದೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಶುಕ್ರವಾರ ಅದು. ರಾಜ್ಯೋತ್ಸವಕ್ಕೆ ಮೂರು ದಿನ, ದೀಪಾವಳಿಗೆ ಒಂದು ವಾರವೂ ಇರಲಿಲ್ಲ. ರಿಯಾಯಿತಿಯ ಪೋಸ್ಟುಗಳನ್ನು ಮೊದಲೇ ತುಂಬಿಸಿಡುವ ಕಾಲ. ನಾಡು ಅಳುತ್ತಿರುವಾಗ ಗಂಟೆ ಹೊಡೆದ ಕೂಡಲೇ ತಾನಾಗಿ ಹೊರಬೀಳುವ ‘ಧಮಾಕಾ ಆಫರ್’ ಯಾವ ಅಂಗಡಿಗೂ ಶೋಭೆಯಲ್ಲ. ಕರ್ನಾಟಕದ ಅಷ್ಟೂ ಕ್ಯೂಗಳು ನಿಮಿಷಗಳಲ್ಲಿ ನಿಲ್ಲಬೇಕು. ಹಾಗೆಂದು ಎಲ್ಲವನ್ನೂ ನಿಲ್ಲಿಸುವ ಒಂದೇ ಗುಂಡಿ ಇದ್ದರೆ ಅದೂ ತೊಂದರೆಯೇ. ಅದೇ ಏಜೆನ್ಸಿಯ ಕ್ಲೈಂಟ್ ಒಬ್ಬರು ನ್ಯೂಜೆರ್ಸಿಯಲ್ಲಿ ದಂತ ಚಿಕಿತ್ಸಾಲಯ ನಡೆಸುತ್ತಿದ್ದರೆ ಅವರ ಪೋಸ್ಟ್ ನಿಲ್ಲಿಸಲು ಕಾರಣವಿಲ್ಲ. ಆಸ್ಪತ್ರೆಯ ಕ್ಯೂನಲ್ಲಿ ತುರ್ತು ಸೇವೆಯ ಸೂಚನೆಯಿದ್ದರೆ ಅದು ಹೋಗಲೇಬೇಕು. ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡುವಾಗಲೂ ಎಚ್ಚರ ಬೇಕು. ತಡೆದಿಟ್ಟ ಪೋಸ್ಟುಗಳೆಲ್ಲ ಒಟ್ಟಿಗೆ ಹೊರನುಗ್ಗುತ್ತವೆಯೋ, ಮುಂದಿನ ಸಮಯಗಳಿಗೆ ಸರಿಯುತ್ತವೆಯೋ ಎಂಬುದನ್ನು ಬಳಸುವ ತಂತ್ರಾಂಶದಲ್ಲಿ ಮೊದಲೇ ಪರೀಕ್ಷಿಸಿ ನೋಡಿರಬೇಕು.

ನ್ಯೂಜೆರ್ಸಿಯ ಕ್ಯೂಗೆ ಅಲ್ಲಿನ ಸಮಯವನ್ನೇ ಕೊಡಬೇಕು. ಅಲ್ಲಿ ಬೆಳಿಗ್ಗೆ ಒಂಬತ್ತು ಎಂದರೆ ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆ. ಮಾರ್ಚಿನಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಬೆಂಗಳೂರಿನ ಏಳೂವರೆಗೆ ಎಂದು ಬರೆದಿಟ್ಟ ಪೋಸ್ಟ್ ಅಂದಿನಿಂದ ಅಲ್ಲಿ ಹತ್ತಕ್ಕೆ ಹೋಗುತ್ತದೆ, ಯಾರ ಗಮನಕ್ಕೂ ಬರದೆ.

ಇನ್ನು ಯಾರು ಏನನ್ನು ಮುಟ್ಟಬಹುದು ಎಂಬುದು. ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಇಲ್ಲಿ. ಪಾಸ್‌ವರ್ಡನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಒಟಿಪಿ ಬಂದಾಗ ಅಂಗಡಿ ಮಾಲೀಕರಿಗೆ ಫೋನ್ ಮಾಡಿ ಕೇಳುವ ಪದ್ಧತಿ ಇನ್ನೂ ಇದೆ. ಆ ಪಾಸ್‌ವರ್ಡ್ ಎಷ್ಟು ಜನರ ಬಳಿ ಇದೆ ಎಂದು ಆರು ತಿಂಗಳ ನಂತರ ಯಾರಿಗೂ ಗೊತ್ತಿರುವುದಿಲ್ಲ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗೆ ಇದರ ಅಗತ್ಯವೇ ಇಲ್ಲ. ಮಾಲೀಕರು ಮೆಟಾದಲ್ಲಿ ತಮ್ಮದೇ ಬಿಸಿನೆಸ್ ಪೋರ್ಟ್‌ಫೋಲಿಯೋ ತೆರೆದು ಪೇಜನ್ನು ಅದರಲ್ಲಿ ಇಡುತ್ತಾರೆ. ಏಜೆನ್ಸಿ ತನ್ನ ಬಿಸಿನೆಸ್ ಐಡಿ ಸಂಖ್ಯೆಯನ್ನು ಕೊಡುತ್ತದೆ. ಮಾಲೀಕರು Partners ಎಂಬಲ್ಲಿ ಆ ಸಂಖ್ಯೆ ಹಾಕಿ ಪೋಸ್ಟ್ ಹಾಕುವುದು, ಸಂದೇಶಗಳಿಗೆ ಉತ್ತರಿಸುವುದು, ಜಾಹೀರಾತು, ಅಂಕಿಅಂಶ ಇವುಗಳಲ್ಲಿ ಬೇಕಾದದ್ದನ್ನು ಮಾತ್ರ ತೆರೆಯುತ್ತಾರೆ. ಪೂರ್ಣ ಹಿಡಿತ ಅವರಲ್ಲೇ ಉಳಿಯುತ್ತದೆ. ಏಜೆನ್ಸಿ ತನಗೆ ಸಿಕ್ಕಿದ್ದನ್ನು ತನ್ನ ಹುಡುಗರಿಗೆ ಹಂಚುತ್ತದೆ. ಅವರಲ್ಲೊಬ್ಬರು ಕೆಲಸ ಬಿಟ್ಟರೆ ಏಜೆನ್ಸಿಯ ಪಟ್ಟಿಯಿಂದ ಒಮ್ಮೆ ತೆಗೆದರೆ ಸಾಕು, ಹಾಗೆ ಹಂಚಿದ ಅಷ್ಟೂ ಪೇಜುಗಳ ಬಾಗಿಲು ಮುಚ್ಚುತ್ತದೆ. ಅದರ ಬದಲು ಅವರ ಖಾಸಗಿ ಪ್ರೊಫೈಲನ್ನೇ ಒಂದೊಂದು ಪೇಜಿಗೂ ನೇರವಾಗಿ ಸೇರಿಸಿದ್ದರೆ, ಒಂದೊಂದು ಪೇಜನ್ನೂ ಹುಡುಕಿ ತೆಗೆಯಬೇಕು. ಒಂದೆರಡು ಉಳಿದೇ ಉಳಿಯುತ್ತವೆ.

ಶೆಡ್ಯೂಲ್ ಮಾಡುವ ತಂತ್ರಾಂಶಕ್ಕೂ ಫೇಸ್‌ಬುಕ್‌ಗೂ ಸಂಪರ್ಕ ಕೊಡುವಾಗ ಒಂದು ಕಡೆ ಅನುಭವಸ್ಥರೂ ಎಡವುತ್ತಾರೆ. ಹೊಸ ಕ್ಲೈಂಟ್ ಸೇರಿಸುವಾಗ ಯಾವ ಪೇಜುಗಳಿಗೆ ಅನುಮತಿ ಎಂದು ಫೇಸ್‌ಬುಕ್ ಮತ್ತೆ ಕೇಳುತ್ತದೆ. ಹೊಸದೊಂದನ್ನೇ ಟಿಕ್ ಮಾಡಿ ಮುಂದೆ ಹೋದರೆ, ಅದೇ ವ್ಯಕ್ತಿಯ ಹೆಸರಿನಲ್ಲಿದ್ದ ಹಳೆಯ ಪೇಜುಗಳ ಅನುಮತಿ ಕಳಚಿಕೊಳ್ಳಬಹುದು. ಕ್ಯಾಲೆಂಡರಿನಲ್ಲಿ ಪೋಸ್ಟುಗಳು ಹಾಗೇ ಕಾಣುತ್ತಿರುತ್ತವೆ, ಸಮಯಕ್ಕೆ ಮಾತ್ರ ಹೋಗುವುದಿಲ್ಲ. ಎಚ್ಚರಿಕೆಯ ಇಮೇಲ್ ಹೋಗುವುದು ಸಂಪರ್ಕ ಕೊಟ್ಟವರಿಗೆ. ಅವರು ಕೆಲಸ ಬಿಟ್ಟಿದ್ದರೆ ಓದುವವರೇ ಇಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಒಬ್ಬರು ನಿನ್ನೆ ಹೋಗಬೇಕಿದ್ದ ಪೋಸ್ಟುಗಳನ್ನೂ ನಿಜವಾಗಿ ಪೇಜಿನಲ್ಲಿರುವುದನ್ನೂ ಹೋಲಿಸಿ ನೋಡಬೇಕು. ಕ್ಯಾಲೆಂಡರನ್ನು ನಂಬಿ ಕೂರಬಾರದು.

ತಿಂಗಳ ರಿಪೋರ್ಟಿನ ವಿಷಯದಲ್ಲಿ ನನ್ನದು ಒಂದೇ ತಕರಾರು, ಅದು ‘ರೀಚ್’ ಕೂಡಿಸುವುದರ ಬಗ್ಗೆ. ರೀಚ್ ಎಂದರೆ ಎಷ್ಟು ಖಾತೆಗಳಿಗೆ ಪೋಸ್ಟ್ ಕಂಡಿತು ಎಂಬ ಲೆಕ್ಕ. ಸೀರೆ ಅಂಗಡಿಯ ಪೇಜನ್ನು ಸೋಮವಾರ 1,000 ಜನ, ಮಂಗಳವಾರ 1,000 ಜನ ನೋಡಿದರು, ಅವರಲ್ಲಿ 700 ಜನ ಎರಡೂ ದಿನ ಬಂದವರೇ ಎಂದಿಟ್ಟುಕೊಳ್ಳಿ. ಎರಡು ದಿನದ ರೀಚ್ 1,300. ಎಕ್ಸೆಲ್‌ನಲ್ಲಿ ದಿನದಿನದ್ದನ್ನು ಕೂಡಿಸಿದರೆ 2,000 ಬರುತ್ತದೆ. ಹೀಗೆ ಮೂವತ್ತು ದಿನ ಕೂಡಿಸಿದರೆ, ಅದರ ಮೇಲೆ ಫೇಸ್‌ಬುಕ್ಕಿನದ್ದನ್ನೂ ಇನ್‌ಸ್ಟಾಗ್ರಾಮಿನದ್ದನ್ನೂ ಸೇರಿಸಿದರೆ, ಅಂಗಡಿ ಇರುವ ಊರಿನ ಜನಸಂಖ್ಯೆಯನ್ನೂ ಮೀರಿದ ಅಂಕಿ ಸಿಗಬಹುದು. ಇಡೀ ತಿಂಗಳ ರೀಚನ್ನು ವೇದಿಕೆಯಿಂದಲೇ ಆ ಅವಧಿಗೆ ಕೇಳಿ ಪಡೆಯಬೇಕು, ಎರಡು ವೇದಿಕೆಗಳದ್ದನ್ನು ಬೇರೆಬೇರೆ ಬರೆಯಬೇಕು. ಲೈಕು, ಕಮೆಂಟು, ಲಿಂಕ್ ಒತ್ತಿದ ಸಂಖ್ಯೆಗಳನ್ನು ಕೂಡಿಸಲು ಅಡ್ಡಿಯಿಲ್ಲ.

ಏಜೆನ್ಸಿಗೆ ಹಣ ಕೊಡುತ್ತಿರುವ ಮಾಲೀಕರು ಇದನ್ನೆಲ್ಲ ಪರೀಕ್ಷಿಸಲು ತಂತ್ರಜ್ಞರಾಗಬೇಕಿಲ್ಲ. ಪೇಜ್ ಯಾರ ಪೋರ್ಟ್‌ಫೋಲಿಯೋದಲ್ಲಿದೆ ಎಂದು ಕೇಳಿ, ಪರದೆಯಲ್ಲಿ ತೋರಿಸಿ ಎನ್ನಿ. ಅಲ್ಲಿ ಏಜೆನ್ಸಿಯ ಹೆಸರಿದ್ದರೆ ನಿಮ್ಮದೇ ಪೇಜಿಗೆ ನೀವು ಅತಿಥಿ. ಒಪ್ಪಂದ ಮುಗಿಸುವ ದಿನ ಬರುವ ಮುನ್ನ, ಸಂಬಂಧ ಚೆನ್ನಾಗಿರುವಾಗಲೇ ಅದನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ.