ವಾತರಕ್ತಕ್ಕೆ ಅಲೋಪ್ಯೂರಿನಾಲ್: ಮೊದಲ ತಿಂಗಳುಗಳಲ್ಲಿ ನೋವು ಹೆಚ್ಚುವುದೇಕೆ?

ಗೌಟ್ ಎಂದು ಇಂದು ಎಲ್ಲರಿಗೂ ಪರಿಚಿತವಾಗಿರುವ ಕೀಲುರೋಗವನ್ನು ಆಯುರ್ವೇದವು ವಾತರಕ್ತವೆಂದು ಕರೆದಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯವು ಪೂರ್ಣವಾಗಿ ಈ ಒಂದು ವ್ಯಾಧಿಗೇ ಮೀಸಲಾಗಿದೆ. ಮಹಾಗಾಂವ, ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳಿಂದ ನಮ್ಮಲ್ಲಿಗೆ ಬರುವ ವಾತರಕ್ತದ ರೋಗಿಗಳಲ್ಲಿ ಅನೇಕರು ಕಲಬುರಗಿಯ ವೈದ್ಯರು ಬರೆದುಕೊಟ್ಟ ಅಲೋಪ್ಯೂರಿನಾಲ್ ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ. ಅವರ ದೂರು ಬಹುತೇಕ ಒಂದೇ ಆಗಿರುತ್ತದೆ: “ಈ ಗುಳಿಗೆ ಶುರು ಮಾಡಿದ ಮೇಲೆ ನೋವು ಇನ್ನೂ ಜಾಸ್ತಿ ಆಯಿತು. ಇದನ್ನು ಬಿಟ್ಟು ನಿಮ್ಮ ಕಷಾಯ ಕೊಡಿರಿ.” ಈ ದೂರಿನಲ್ಲಿ ಸತ್ಯವಿದೆ. ಆದರೆ ಅದರಿಂದ ಅವರು ತಲುಪುವ ತೀರ್ಮಾನವು ಸರಿಯಲ್ಲ. ಈ ತಿಂಗಳ ಲೇಖನವನ್ನು ಅದರ ವಿವರಣೆಗಾಗಿಯೇ ಮೀಸಲಿಟ್ಟಿದ್ದೇವೆ.

ರಕ್ತದಲ್ಲಿ ಯೂರಿಕ್ ಆಮ್ಲದ ಪ್ರಮಾಣವು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಮೀರಿದಾಗ ಅದು ಪೂರ್ತಿಯಾಗಿ ಕರಗಿ ಉಳಿಯಲಾರದು. ಹೆಚ್ಚಾದ ಭಾಗವು ಸೂಜಿಯಾಕಾರದ ಸೂಕ್ಷ್ಮ ಹರಳುಗಳಾಗಿ ಕೀಲುಗಳಲ್ಲಿ, ವಿಶೇಷವಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ನೆಲೆಗೊಳ್ಳುತ್ತದೆ. ಇದು ಒಂದೆರಡು ದಿನಗಳಲ್ಲಿ ನಡೆಯುವ ಕ್ರಿಯೆಯಲ್ಲ. ವರ್ಷಾನುಗಟ್ಟಲೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಮಾಂಸ ಮದ್ಯಗಳನ್ನು ಮುಟ್ಟದ ನಮ್ಮ ಭಕ್ತರಲ್ಲಿಯೂ ಈ ರೋಗ ಕಾಣುವುದೇಕೆಂದು ಕೆಲವರು ಆಶ್ಚರ್ಯಪಡುತ್ತಾರೆ. ಹೆಚ್ಚಿನವರಲ್ಲಿ ಮೂಲ ಕಾರಣವು ಮೂತ್ರಪಿಂಡಗಳು ಯೂರಿಕ್ ಆಮ್ಲವನ್ನು ಸಾಕಷ್ಟು ಹೊರಹಾಕದಿರುವುದೇ ಹೊರತು ಊಟದ ತೊಗರಿಬೇಳೆಯಲ್ಲ.

ಅಲೋಪ್ಯೂರಿನಾಲ್ ನೋವಿನ ಗುಳಿಗೆಯಲ್ಲ. ಶರೀರದಲ್ಲಿ ಯೂರಿಕ್ ಆಮ್ಲವು ತಯಾರಾಗುವುದನ್ನೇ ಅದು ತಗ್ಗಿಸುತ್ತದೆ. ರಕ್ತದಲ್ಲಿನ ಪ್ರಮಾಣವು 6ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಂತರೆ, ಕೀಲಿನೊಳಗಿನ ಹಳೆಯ ಹರಳುಗಳು ಮೆಲ್ಲಮೆಲ್ಲನೆ ಕರಗತೊಡಗುತ್ತವೆ. ತೊಂದರೆಯು ಹುಟ್ಟುವುದು ಈ ಕರಗುವ ಹಂತದಲ್ಲಿಯೇ.

ನಮ್ಮ ಭಾಗದ ಕೊಳವೆಬಾವಿಯ ನೀರನ್ನು ಕಾಯಿಸುವ ಪಾತ್ರೆಯನ್ನು ಓದುಗರು ನೆನಪಿಗೆ ತಂದುಕೊಳ್ಳಲಿ. ಅದರ ಒಳಗೆ ಗಟ್ಟಿಯಾದ ಬಿಳಿಯ ಪದರವೊಂದು ಕಟ್ಟಿರುತ್ತದೆ. ಪದರವು ಅಂಟಿಕೊಂಡಿರುವಷ್ಟು ಕಾಲ ಮೇಲಿನ ನೀರು ತಿಳಿಯಾಗಿಯೇ ಕಾಣುತ್ತದೆ. ಹುಣಸೆಹುಳಿಯ ನೀರನ್ನು ಹಾಕಿ ನೆನೆಯಿಟ್ಟಾಗ ಪದರವು ಸಡಿಲಗೊಂಡು ಚೂರುಚೂರಾಗಿ ಕಳಚಿ, ನೀರೆಲ್ಲ ಕದಡುತ್ತದೆ. ಪಾತ್ರೆಯು ಶುದ್ಧವಾಗುವ ಮುನ್ನ ನೀರು ಕದಡಲೇಬೇಕು. ಕೀಲಿನಲ್ಲಿಯೂ ಹೀಗೆಯೇ ಆಗುತ್ತದೆ. ಯೂರಿಕ್ ಆಮ್ಲವು ಇಳಿದಾಗ ಹರಳುಗಳ ಗಂಟು ಸಡಿಲಗೊಂಡು, ಅದುವರೆಗೆ ಅಡಗಿದ್ದ ಹರಳುಗಳು ಕೀಲಿನ ದ್ರವದೊಳಗೆ ಉದುರುತ್ತವೆ. ರಕ್ತದ ಬಿಳಿಯ ಕಣಗಳು ಅವುಗಳನ್ನು ಶತ್ರುವೆಂದು ಭಾವಿಸಿ ಮುತ್ತಿ ನುಂಗಲು ತೊಡಗುತ್ತವೆ. ಅದರ ಫಲವೇ ಬಾವು, ಕೆಂಪು, ಉರಿ ಮತ್ತು ಹಾಸಿಗೆಯ ಹೊದಿಕೆ ತಾಗಿದರೂ ಸಹಿಸಲಾಗದ ವೇದನೆ.

ಆದುದರಿಂದ ಮೊದಲ ತಿಂಗಳುಗಳಲ್ಲಿ ಬರುವ ನೋವು ಔಷಧವು ವಿಫಲವಾದುದರ ಗುರುತಲ್ಲ. ಅದು ಕೆಲಸ ಮಾಡುತ್ತಿರುವುದರ ಗುರುತು. ಯೂರಿಕ್ ಆಮ್ಲವು ಎಷ್ಟು ರಭಸದಿಂದ ಇಳಿಯುವುದೋ ಅಷ್ಟು ಹೆಚ್ಚು ಹರಳುಗಳು ಒಮ್ಮೆಲೇ ಉದುರುತ್ತವೆ. ಈ ಕಾರಣದಿಂದಲೇ ಬಲ್ಲ ವೈದ್ಯರು ಅಲೋಪ್ಯೂರಿನಾಲನ್ನು ಮೊದಲ ದಿನವೇ 300 ಮಿಲಿಗ್ರಾಂ ಕೊಡುವುದಿಲ್ಲ. ದಿನಕ್ಕೆ 100 ಮಿಲಿಗ್ರಾಂ, ಮೂತ್ರಪಿಂಡ ದುರ್ಬಲವಾಗಿದ್ದರೆ 50 ಮಿಲಿಗ್ರಾಂನಿಂದ ಆರಂಭಿಸಿ, ಕೆಲವು ವಾರಗಳಿಗೊಮ್ಮೆ ರಕ್ತವನ್ನು ಪರೀಕ್ಷಿಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ.

ಇನ್ನು ಕಾಲ್ಚಿಸಿನ್ನಿನ ವಿಚಾರ. ಇದು ಯೂರಿಕ್ ಆಮ್ಲವನ್ನು ಕಿಂಚಿತ್ತೂ ಇಳಿಸುವುದಿಲ್ಲ. ಬಿಳಿಯ ಕಣಗಳು ಹರಳುಗಳತ್ತ ನುಗ್ಗುವ ಶಕ್ತಿಯನ್ನು ಇದು ಕುಗ್ಗಿಸುತ್ತದೆ. ಹರಳು ಉದುರಿದರೂ ಯುದ್ಧವು ಆರಂಭವಾಗದಂತೆ ನೋಡಿಕೊಳ್ಳುವುದೇ ಇದರ ಕೆಲಸ. ಸಾಮಾನ್ಯವಾಗಿ 0.5 ಮಿಲಿಗ್ರಾಂನ ಒಂದು ಗುಳಿಗೆಯನ್ನು ದಿನಕ್ಕೆ ಒಮ್ಮೆ ಅಥವಾ ಎರಡು ಬಾರಿ, ಅಲೋಪ್ಯೂರಿನಾಲಿನೊಂದಿಗೇ ಆರಂಭಿಸಿ ಮೂರರಿಂದ ಆರು ತಿಂಗಳ ಕಾಲ ಕೊಡಲಾಗುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲೋಪ್ಯೂರಿನಾಲ್ ಆರಂಭಿಸಿದ 43 ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಕಾಲ್ಚಿಸಿನ್, ಇನ್ನೊಂದಕ್ಕೆ ಔಷಧಗುಣವಿಲ್ಲದ ಗುಳಿಗೆಯನ್ನು ಕೊಡಲಾಯಿತು. ಕಾಲ್ಚಿಸಿನ್ ಪಡೆದವರಲ್ಲಿ ಮೂರರಲ್ಲಿ ಒಂದು ಪಾಲು ಜನರಿಗೆ ಮಾತ್ರ ನೋವು ಮರುಕಳಿಸಿತು. ಪಡೆಯದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರಿಗೆ ಮರುಕಳಿಸಿತು. ರಕ್ಷಣೆಯು ಪರಿಪೂರ್ಣವಲ್ಲದಿದ್ದರೂ ಗಣನೀಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಬ್ಬ ರೋಗಿಯ ಉದಾಹರಣೆಯಿಂದ ಇದು ಇನ್ನಷ್ಟು ತಿಳಿಯಾದೀತು. ಐವತ್ನಾಲ್ಕು ವಯಸ್ಸಿನ ತೊಗರಿ ಬೆಳೆಗಾರರೊಬ್ಬರಿಗೆ ವರ್ಷಕ್ಕೆ ನಾಲ್ಕು ಬಾರಿಯಾದರೂ ಹೆಬ್ಬೆರಳು ಊದಿಕೊಳ್ಳುತ್ತಿತ್ತು. ಯೂರಿಕ್ ಆಮ್ಲ 9.4 ಇತ್ತು, ಮೂತ್ರಪಿಂಡಗಳು ಸುಸ್ಥಿತಿಯಲ್ಲಿದ್ದವು. ಕಲಬುರಗಿಯ ವೈದ್ಯರು ಅಲೋಪ್ಯೂರಿನಾಲ್ 100 ಮಿಲಿಗ್ರಾಂ ಹಾಗೂ ಕಾಲ್ಚಿಸಿನ್ 0.5 ಮಿಲಿಗ್ರಾಂ ಎರಡನ್ನೂ ಬರೆದಿದ್ದರು. ನೋವಿಲ್ಲದಾಗ ನೋವಿನ ಗುಳಿಗೆಯೇಕೆ ಎಂದುಕೊಂಡು ಅವರು ಕಾಲ್ಚಿಸಿನ್ನನ್ನು ಎತ್ತಿಟ್ಟು, ಅಲೋಪ್ಯೂರಿನಾಲನ್ನು ಮಾತ್ರ ಸೇವಿಸಿದರು. ಹದಿನಾರನೆಯ ದಿನ ಹೆಬ್ಬೆರಳು, ಅದರ ಹಿಂದೆಯೇ ಹರಡು ಊದಿಕೊಂಡಿತು. ಗಾಬರಿಗೊಂಡು ಎರಡನ್ನೂ ಬಿಟ್ಟು ನಮ್ಮಲ್ಲಿಗೆ ಬಂದರು.

ಅಲೋಪ್ಯೂರಿನಾಲನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಯೂರಿಕ್ ಆಮ್ಲವು ಮೊದಲಿನ ಮಟ್ಟಕ್ಕೇರುತ್ತದೆ. ಕರಗತೊಡಗಿದ್ದ ಹರಳುಗಳು ಮತ್ತೆ ಗಟ್ಟಿಯಾಗುತ್ತವೆ. ಮುಂದೆಂದಾದರೂ ಗುಳಿಗೆಯನ್ನು ಮತ್ತೆ ಆರಂಭಿಸಿದಾಗ ಮೊದಲಿನ ನೋವನ್ನೇ ಪುನಃ ಅನುಭವಿಸಬೇಕಾಗುತ್ತದೆ. ಅಂದರೆ ಬಿಡುವುದು ಮತ್ತು ಹಿಡಿಯುವುದು, ಇವೆರಡರಿಂದಲೂ ಕೀಲಿಗೆ ಪೆಟ್ಟು. ಇದನ್ನು ವಿವರಿಸಿ ಅವರನ್ನು ಅದೇ ವೈದ್ಯರಲ್ಲಿಗೆ ಮರಳಿ ಕಳುಹಿಸಿದೆವು. ಈ ಸಲ ಎರಡೂ ಗುಳಿಗೆಗಳು ಜೊತೆಯಾಗಿ ಆರಂಭವಾದವು. ಕಾಲ್ಚಿಸಿನ್ ದಿನಕ್ಕೆ ಎರಡಾದಾಗ ಭೇದಿಯಾಯಿತು. ವೈದ್ಯರು ಅದನ್ನು ಒಂದಕ್ಕಿಳಿಸಿದಾಗ ನಿಂತಿತು. ನಾಲ್ಕು ವಾರಗಳ ನಂತರ ಯೂರಿಕ್ ಆಮ್ಲ 8.1 ಆಗಿ, ಅಲೋಪ್ಯೂರಿನಾಲನ್ನು 200ಕ್ಕೆ ಏರಿಸಲಾಯಿತು. ಮತ್ತೆ ನಾಲ್ಕು ವಾರಗಳಿಗೆ 6.7 ಆಯಿತು. 300ಕ್ಕೆ ಏರಿಸಿದ ಮೇಲೆ 5.6ಕ್ಕೆ ಬಂದು ನಿಂತಿತು. ನಡುವೆ ಒಮ್ಮೆ ಎರಡು ದಿನಗಳ ಸಣ್ಣ ನೋವು ಬಂದಿತಾದರೂ ಅಲೋಪ್ಯೂರಿನಾಲನ್ನು ನಿಲ್ಲಿಸಲಿಲ್ಲ. ಆರು ತಿಂಗಳ ನಂತರ ಕಾಲ್ಚಿಸಿನ್ ನಿಂತಿತು, ಅಲೋಪ್ಯೂರಿನಾಲ್ ಮುಂದುವರಿದಿದೆ. ಕಾಲ್ಚಿಸಿನ್ ನಿಲ್ಲಿಸಿದ ಹೊಸತರಲ್ಲಿಯೂ ಒಮ್ಮೊಮ್ಮೆ ನೋವು ಇಣುಕಬಹುದು ಎಂಬುದನ್ನು ಅವರಿಗೆ ಮೊದಲೇ ತಿಳಿಸಲಾಗಿತ್ತು.

ಕಾಲ್ಚಿಸಿನ್ ಚಿಕ್ಕ ಗುಳಿಗೆಯಾದರೂ ಅದರ ಹಿತಪ್ರಮಾಣಕ್ಕೂ ವಿಷಪ್ರಮಾಣಕ್ಕೂ ಅಂತರವು ಬಹಳ ಕಡಿಮೆ. ಬೇಗ ಗುಣವಾಗಲೆಂದು ಎರಡು ಮೂರು ಗುಳಿಗೆ ಹೆಚ್ಚು ನುಂಗುವುದು ಅಪಾಯಕರ. ಭೇದಿ ಮತ್ತು ವಾಂತಿ ಪ್ರಮಾಣ ಮೀರಿದುದರ ಮೊದಲ ಸೂಚನೆಗಳು. ತಿಂಗಳುಗಟ್ಟಲೆ ಸೇವಿಸುವವರಲ್ಲಿ ತೊಡೆಗಳ ಬಲ ಕುಂದಿ, ಕುಕ್ಕರುಗಾಲಿನಿಂದ ಮೇಲೇಳುವುದು ಕಷ್ಟವಾದರೆ ಸ್ನಾಯುಗಳಿಗೆ ತೊಂದರೆಯಾಗುತ್ತಿದೆ ಎಂದು ತಿಳಿದು ತಡಮಾಡದೆ ವೈದ್ಯರಿಗೆ ಹೇಳಬೇಕು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪ್ರಮಾಣವನ್ನು ತಗ್ಗಿಸಲೇಬೇಕು. ಕೆಮ್ಮು ಗಂಟಲುನೋವಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಹೃದಯ ಹಾಗೂ ರಕ್ತದೊತ್ತಡಕ್ಕೆ ಕೊಡುವ ವೆರಾಪಮಿಲ್ ಮತ್ತು ಡಿಲ್ಟಿಯಾಜೆಮ್ ಇವು ಕಾಲ್ಚಿಸಿನ್ ಶರೀರದಲ್ಲಿ ಸಂಗ್ರಹವಾಗುವಂತೆ ಮಾಡುತ್ತವೆ. ಕೊಲೆಸ್ಟರಾಲಿನ ಸ್ಟಾಟಿನ್ ಗುಳಿಗೆಯ ಜೊತೆಯಲ್ಲಿ ಸ್ನಾಯುಗಳ ತೊಂದರೆ ಹೆಚ್ಚಬಹುದು. ಯಾವ ವೈದ್ಯರಲ್ಲಿಗೆ ಹೋದರೂ ತಾವು ಸೇವಿಸುತ್ತಿರುವ ಎಲ್ಲ ಗುಳಿಗೆಗಳನ್ನು ತೋರಿಸುವುದು ಕ್ಷೇಮ.

ಆಯುರ್ವೇದದವರಾಗಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಮಳೆಗಾಲದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯ, ಅಂದರೆ ಗೌರಿಹೂವಿನ, ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವುದು ಇದೇ ಕಾಲ್ಚಿಸಿನ್. ಶಾಸ್ತ್ರವು ಇದನ್ನು ಲಾಂಗಲಿಯೆಂದು ಕರೆದು ಉಪವಿಷಗಳಲ್ಲಿ ಎಣಿಸಿದೆ. ಯೂನಾನಿ ಪದ್ಧತಿಯವರು ಕೀಲುನೋವಿಗೆ ಬಳಸುವ ಸುರಂಜಾನ್ ಗಡ್ಡೆಯೂ ಕಾಲ್ಚಿಸಿನ್ ಗಿಡದ ಕುಲದ್ದೇ. ಕಾಲ್ಚಿಸಿನ್ ಸೇವಿಸುವವರು ನಾಟಿ ಔಷಧವೆಂದು ಇವುಗಳ ಚೂರ್ಣವನ್ನೂ ಸೇರಿಸಿಕೊಂಡರೆ ಒಂದೇ ವಿಷವನ್ನು ಇಮ್ಮಡಿ ನುಂಗಿದಂತಾಗುತ್ತದೆ. ಅಮೃತಬಳ್ಳಿಯ ಕಷಾಯ, ಕೈಶೋರ ಗುಗ್ಗುಲುಗಳನ್ನು ವಾತರಕ್ತದಲ್ಲಿ ನಾವು ಬಳಸುವುದುಂಟು. ಆದರೆ ಅವುಗಳನ್ನು ನೆಚ್ಚಿ ಅಲೋಪ್ಯೂರಿನಾಲನ್ನು ಬಿಡುವಂತೆ ನಾವು ಯಾರಿಗೂ ಹೇಳುವುದಿಲ್ಲ. ಎರಡನ್ನೂ ಸೇವಿಸುವವರು ಎರಡೂ ಕಡೆಯ ವೈದ್ಯರಿಗೆ ತಿಳಿಸಿರಬೇಕು.

ಅಲೋಪ್ಯೂರಿನಾಲನ್ನು ರೋಗಿಯು ತಾನಾಗಿಯೇ ಆ ಕ್ಷಣದಲ್ಲಿ ನಿಲ್ಲಿಸಬೇಕಾದ ಸಂದರ್ಭವೂ ಒಂದಿದೆ. ಮೈಮೇಲೆ ಕೆಂಪು ದದ್ದು, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು, ಜ್ವರ ಇವು ಕಂಡರೆ ಮುಂದಿನ ಗುಳಿಗೆಯನ್ನು ಸೇವಿಸದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ, ಆದರೆ ಪ್ರಾಣಾಂತಕವಾಗಬಲ್ಲುದು, ಹಾಗೂ ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಅಜಾಥಿಯೋಪ್ರಿನ್ ಸೇವಿಸುವವರು ಅಲೋಪ್ಯೂರಿನಾಲ್ ಆರಂಭಿಸುವ ಮುನ್ನವೇ ಅದನ್ನು ವೈದ್ಯರಿಗೆ ಹೇಳಬೇಕು. ಕೀಲು ಊದಿಕೊಂಡು ಜೊತೆಗೆ ಚಳಿಜ್ವರವೂ ಬಂದರೆ ಅದು ಕೀಲಿನಲ್ಲಿ ಕೀವಾದುದೂ ಇರಬಹುದಾದ್ದರಿಂದ ವಾತರಕ್ತವೆಂದು ತಾವೇ ನಿರ್ಧರಿಸಿ ಮನೆಯಲ್ಲಿ ಕುಳಿತುಕೊಳ್ಳಬಾರದು.

ಕೀಲುನೋವು ಮಾತ್ರ ಮರುಕಳಿಸಿದಾಗ ಮಾಡಬೇಕಾದುದು ಇಷ್ಟೆ. ಅಲೋಪ್ಯೂರಿನಾಲ್ ಎಂದಿನಂತೆ ನಡೆಯಲಿ. ಕೀಲಿಗೆ ವಿಶ್ರಾಂತಿ ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡಬೇಕು. ಎಣ್ಣೆ ತಿಕ್ಕಿ ನೀವಬಾರದು. ಕಾಲ್ಚಿಸಿನ್ನನ್ನು ತಾವಾಗಿಯೇ ಹೆಚ್ಚಿಸದೆ, ಕೆಲವು ದಿನಗಳ ಬಾವಿನ ಔಷಧಕ್ಕಾಗಿ ವೈದ್ಯರನ್ನು ಕಾಣಬೇಕು. ನೋವಿನ ವೇಳೆಯಲ್ಲಿ ಯೂರಿಕ್ ಆಮ್ಲವು ಇಳಿದಂತೆ ತೋರಬಹುದಾದ್ದರಿಂದ ಎರಡು ವಾರಗಳ ನಂತರ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳಿತು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹೊಲದ ಕಾಯಕ ಮಾಡುವವರು ನೀರಿನ ಕೊಡವನ್ನು ಬದುವಿನ ಮೇಲಿಟ್ಟುಕೊಂಡಿರಲಿ. ಮೈಯಲ್ಲಿನ ನೀರು ಆರಿದಾಗಲೂ ಯೂರಿಕ್ ಆಮ್ಲ ಏರಿ ನೋವು ಕೆರಳುತ್ತದೆ. ಚಿಕಿತ್ಸೆ ಆರಂಭಿಸಿದ ದಿನವನ್ನೂ, ಪ್ರತಿ ಸಲದ ಯೂರಿಕ್ ಆಮ್ಲದ ಅಂಕಿಯನ್ನೂ, ನೋವು ಬಂದ ದಿನಗಳನ್ನೂ ಒಂದು ವಹಿಯಲ್ಲಿ ಬರೆದಿಟ್ಟುಕೊಂಡರೆ, ಅಂಕಿ ಇಳಿಯುತ್ತ ಬಂದಂತೆ ನೋವಿನ ದಿನಗಳ ನಡುವಿನ ಅಂತರವು ಹೆಚ್ಚುತ್ತ ಹೋಗುವುದನ್ನು ರೋಗಿಯು ತಾನೇ ಕಾಣಬಹುದು.