ಸಾವಿರದ ಊಟ 1,155 ಆಗುವುದು ಹೇಗೆ?

ಪ್ರಶ್ನೆ: ಮೆನುವಿನ ಪ್ರಕಾರ ಸಾವಿರ ರೂಪಾಯಿಯ ಊಟಕ್ಕೆ 1,155 ರೂಪಾಯಿ ಬಿಲ್ ಬರುವುದೇಕೆ? ಅಷ್ಟೂ ತೆರಿಗೆಯೇ?

ಉತ್ತರ: ಅಲ್ಲ. ಬಿಲ್ಲನ್ನು ಮೇಲಿನಿಂದ ಕೆಳಗೆ ಓದಿ. ತಿಂಡಿ-ಊಟದ ಮೊತ್ತ 1,000. ಅದರ ಕೆಳಗೆ ಶೇ 10ರ ಸರ್ವಿಸ್ ಚಾರ್ಜ್, 100. ಸಾಮಾನ್ಯ ರೆಸ್ಟೋರೆಂಟುಗಳಿಗೆ ಜಿಎಸ್‌ಟಿ ಶೇ 5 (ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ). ಅದನ್ನು ಸಾವಿರಕ್ಕಲ್ಲ, 1,100ಕ್ಕೆ ಲೆಕ್ಕ ಹಾಕಿರುತ್ತಾರೆ, ಹಾಗಾಗಿ 55. ಸರ್ಕಾರಕ್ಕೆ ಹೋಗುವುದು ಇಷ್ಟೇ. ನೂರು ರೂಪಾಯಿ ಹೋಟೆಲಿನವರದೇ. ತೆರಿಗೆಯ ಸಾಲಿಗೆ ಅಂಟಿಕೊಂಡು ಕೂತಿರುವುದರಿಂದ ಅದೂ ತೆರಿಗೆಯಂತೆ ಕಾಣುತ್ತದೆ, ಅಷ್ಟೆ. ಅದನ್ನು ತೆಗೆಸಿದರೆ ಬಿಲ್ 1,050ಕ್ಕೆ ಇಳಿಯುತ್ತದೆ: ಉಳಿಯುವುದು ನೂರಲ್ಲ, 105.

ಸಪ್ಲೈಯರ್‌ಗಳ ಹೊಟ್ಟೆಗೆ ಕಲ್ಲು ಹಾಕಿದಂತಾಗದೇ ಎನ್ನಬಹುದು. ಆದರೆ ಆ ಹಣ ಅವರ ಕೈ ಸೇರಿತೇ ಎಂಬುದನ್ನು ಬಿಲ್ ಹೇಳುವುದಿಲ್ಲ. ಟಿಪ್ಸ್ ಕೊಡಲು ಯಾರ ಅಡ್ಡಿಯೂ ಇಲ್ಲ. ‘ಮೆನುವಿನಲ್ಲೇ ಅಚ್ಚು ಹಾಕಿದ್ದೇವಲ್ಲ’ ಎಂಬ ವಾದವೂ ನಿಲ್ಲದು. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂಬ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಖರ್ಚು ಹೆಚ್ಚಿದ್ದರೆ ದೋಸೆಯ ದರವನ್ನೇ ಏರಿಸಲಿ. ಆಗ ಕೂರುವ ಮೊದಲೇ ಲೆಕ್ಕ ಗೊತ್ತಾಗುತ್ತದೆ. ತೆಗೆಯಲು ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.