ಎರಡು ನಲ್ಲಿ, ಒಂದೇ ಪೈಪು

ಫೋನಿನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದ್ದರೂ ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಪಿಸುಗುಟ್ಟಿದಂತೆ ಕೇಳುತ್ತಿದೆಯೇ? ಹೆಡ್‌ಫೋನ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಒಂದು ಸಂಗತಿ ಗಮನಿಸಿ. ಇಲ್ಲಿ ಧ್ವನಿಗೆ ಎರಡು ನಲ್ಲಿಗಳಿವೆ. ಫೋನು ಹಾಡನ್ನು ಅಂಕಿಗಳಾಗಿ ಕಳಿಸುತ್ತದೆ. ಅದನ್ನು ಮತ್ತೆ ಸದ್ದಾಗಿಸಿ ಕಿವಿಗೆ ಮುಟ್ಟಿಸುವ ಆಂಪ್ಲಿಫೈಯರ್ ಇರುವುದು ಹೆಡ್‌ಫೋನಿನೊಳಗೆ. ಎರಡರಲ್ಲಿ ಯಾವುದು ಅರ್ಧ ಮುಚ್ಚಿದ್ದರೂ ಸದ್ದು ಕಡಿಮೆಯೇ.

ಈಗಿನ ಫೋನುಗಳು ಇವೆರಡನ್ನೂ ಜೋಡಿಸಲು ನೋಡುತ್ತವೆ. ಫೋನು ಹಾಡನ್ನು ಪೂರ್ತಿ ಬಲದಲ್ಲೇ ಕಳಿಸಿ, ಜೊತೆಗೆ 0ಯಿಂದ 127ರ ನಡುವಿನ ಒಂದು ಸಂಖ್ಯೆಯನ್ನು ಹೆಡ್‌ಫೋನಿಗೆ ಹೇಳುತ್ತದೆ. ಕೆಲವು ಹೆಡ್‌ಫೋನುಗಳು, ಅದರಲ್ಲೂ ಅಗ್ಗದವು, ಈ ಮಾತನ್ನು ಸರಿಯಾಗಿ ಪಾಲಿಸುವುದಿಲ್ಲ. ಆಗ ಫೋನಿನ ಪರದೆ ಪೂರ್ತಿ ತೋರಿಸುತ್ತದೆ, ಹೆಡ್‌ಫೋನ್ ಮಾತ್ರ ತಗ್ಗಿದಲ್ಲೇ ನಿಂತಿರುತ್ತದೆ.

ಮೊದಲು ಹೆಡ್‌ಫೋನಿನ + ಗುಂಡಿಯನ್ನೇ ಒತ್ತಿ ನೋಡಿ. ಬೇರೆ ಫೋನಿಗೆ ಜೋಡಿಸಿದಾಗಲೂ ಸದ್ದು ಅಷ್ಟೇ ಇದ್ದರೆ ಇಯರ್‌ಬಡ್‌ನ ಜಾಲರಿಯಲ್ಲಿ ಕಿವಿಗುಗ್ಗೆ ಕೂತಿರಬಹುದು. ಒಣ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಅಲ್ಲಿ ಜೋರಾಗಿದ್ದರೆ ತಕರಾರು ಮೊದಲಿನ ಫೋನಿನೊಂದಿಗಿನ ಹೊಂದಾಣಿಕೆಯದು. ಆಂಡ್ರಾಯ್ಡ್‌ನಲ್ಲಿ About phone ಒಳಗಿನ Build number ಅನ್ನು ಏಳು ಸಲ ಒತ್ತಿದರೆ Developer options ತೆರೆಯುತ್ತದೆ. ಅಲ್ಲಿ Disable absolute volume ಆನ್ ಮಾಡಿ, ಹೆಡ್‌ಫೋನನ್ನು ಬಿಡಿಸಿ ಮತ್ತೆ ಜೋಡಿಸಿ. ಈಗ ಎರಡೂ ನಲ್ಲಿಗಳು ಸ್ವತಂತ್ರ. ಹೆಡ್‌ಫೋನಿನ ಸದ್ದು ಥಟ್ಟನೆ ಜೋರಾಗಬಹುದು, ಹಾಗಾಗಿ ಫೋನಿನ ವಾಲ್ಯೂಮ್ ಇಳಿಸಿಕೊಂಡೇ ಕಿವಿಗೆ ಹಾಕಿ. ಆಮೇಲೆ ಫೋನನ್ನು ಮುಕ್ಕಾಲಿಗಿಂತ ಮೇಲಿಟ್ಟು, ಉಳಿದದ್ದನ್ನು ಹೆಡ್‌ಫೋನಿನ ಗುಂಡಿಯಿಂದ ಹೊಂದಿಸಿಕೊಳ್ಳಿ. ಹೆಡ್‌ಫೋನಿನಲ್ಲಿ ವಾಲ್ಯೂಮ್ ಗುಂಡಿಯೇ ಇಲ್ಲದಿದ್ದರೆ ಈ ಉಪಾಯ ಅಷ್ಟಾಗಿ ಫಲಿಸದಿರಬಹುದು.